ಸೇಕಡಾ ಎಷ್ಟು ಎಂದು ಕೇಳಬೇಡಿ, ಯಾವ ಗಲ್ಲಿಗೆ ಎಷ್ಟು ಹೊತ್ತು ಎಂದು ಕೇಳಿ



ಸಂಘದ ಹೆಸರಿನಲ್ಲಿ ಒಂದು ಅಂಬ್ಯುಲೆನ್ಸ್ ಕೊಳ್ಳಬೇಕೆಂಬ ಸೂಚನೆ ಕಳೆದ ಮಹಾಸಭೆಯಲ್ಲಿ ಬಂತು. ಸೂಚನೆ ತಂದವರು ಕೆಲವು ಹೋಟೆಲ್ ಮಾಲಿಕ ಮಹನೀಯರು, ಅನುಮೋದಿಸಿದವರು ನಮ್ಮವರೇ. ಚಪ್ಪಾಳೆಯೂ ಬಿತ್ತು. ಗಾಡಿಯ ಎರಡು ಬದಿಗೂ ಕನ್ನಡದಲ್ಲಿ ಸಂಘದ ಹೆಸರು ಬರೆಸುವುದು, ಉದ್ಘಾಟನೆಗೆ ಮಂತ್ರಿಗಳನ್ನು ಕರೆಸುವುದು ಎಂಬಲ್ಲಿಯವರೆಗೆ ಮಾತು ಹೋಯಿತು. ಅದೇ ಸಭೆಯಲ್ಲಿ ಇನ್ನೊಬ್ಬ ಮಹನೀಯರು ಎದ್ದು, "ಸರಕಾರದ 108 ಗಾಡಿ ಇದೆಯಲ್ಲ, ಬಹುಪಾಲು ಹೇಳಿದ ಹೊತ್ತಿಗೆ ಬರುತ್ತದಂತೆ, ವರದಿಯಲ್ಲೇ ಹಾಗಿದೆಯಂತೆ, ಮತ್ತೇನು ದೂರು?" ಎಂದರು.

ಈ ಎರಡು ಮಾತನ್ನೂ ನಾವು ಒಪ್ಪುವುದಿಲ್ಲ. ಗಾಡಿ ಕೊಳ್ಳುವ ಮಾತನ್ನು ಯಾಕೆ ಒಪ್ಪುವುದಿಲ್ಲ ಎಂಬುದನ್ನು ಮುಂದೆ ಹೇಳುತ್ತೇವೆ. ಮೊದಲು ಈ "ವರದಿಯಲ್ಲೇ ಹಾಗಿದೆಯಂತೆ" ಎಂಬ ಮಾತನ್ನು ಸ್ವಲ್ಪ ಬಿಚ್ಚಿ ನೋಡೋಣ. ಹೋಟೆಲಿನ ಗಲ್ಲಾದಲ್ಲಿ ದಿನದ ಲೆಕ್ಕ ಹೇಗೆ ಕೂಡುತ್ತದೆ, ಹೇಗೆ ತಪ್ಪುತ್ತದೆ ಎಂದು ಬಲ್ಲ ನಮಗೆ ಈ ಲೆಕ್ಕ ತಿಳಿಯದ ವಿದ್ಯೆಯೇನೂ ಅಲ್ಲ.

ಮಹಾರಾಷ್ಟ್ರದಲ್ಲಿ 108ರ ಗಾಡಿ ಸುರುವಾದದ್ದು 2014ರಲ್ಲಿ. ಆಗ ಇಡೀ ರಾಜ್ಯಕ್ಕೆ 937 ಗಾಡಿ. ಅವುಗಳಲ್ಲಿ 233 ಮಾತ್ರ ಉಸಿರಾಟದ ಯಂತ್ರ ಮುಂತಾದ ದೊಡ್ಡ ಸಾಮಗ್ರಿ ಇದ್ದವು, ಉಳಿದ 704 ಸಾಧಾರಣದವು. ಪೇಟೆಯಲ್ಲಿ 20 ನಿಮಿಷದೊಳಗೆ, ಹಳ್ಳಿಯಲ್ಲಿ 30 ನಿಮಿಷದೊಳಗೆ ಗಾಡಿ ಮುಟ್ಟಬೇಕು ಎಂಬುದು ಹಾಕಿಕೊಂಡ ಗುರಿ. ಗುರಿ ಇರುವುದು ಒಳ್ಳೆಯದೇ. ಆದರೆ ಗುರಿಯೊಳಗೆ ಸೇಕಡಾ ಇಷ್ಟು ಎಂದು ಯಾರಾದರೂ ಹೇಳಿದಾಗ ನಾವು ಮೂರು ಪ್ರಶ್ನೆ ಕೇಳಬೇಕು. ಗಡಿಯಾರ ಯಾವಾಗ ಓಡತೊಡಗಿತು? ಯಾವಾಗ ನಿಂತಿತು? ಲೆಕ್ಕಕ್ಕೆ ಹಿಡಿದದ್ದು ಯಾರನ್ನು, ಬಿಟ್ಟದ್ದು ಯಾರನ್ನು?

ಗಡಿಯಾರದ ಮಾತನ್ನೇ ಮೊದಲು ತೆಗೆದುಕೊಳ್ಳಿ. ಅಡಿಗೆಮನೆಯಲ್ಲಿ ಒಬ್ಬ ಎದೆ ಹಿಡಿದುಕೊಂಡು ಕುಸಿದು ಬಿದ್ದನೆನ್ನಿ. ಮಾಣಿಯೊಬ್ಬ ಫೋನು ಮಾಡುತ್ತಾನೆ. ಆ ಕಡೆ ಘಂಟೆ ಹೊಡೆದು ಫೋನು ಎತ್ತುತ್ತಾರೆ. ಎಲ್ಲಿಂದ ಮಾತಾಡುತ್ತಿ, ಏನಾಯಿತು ಎಂದು ಕೇಳುತ್ತಾರೆ. ಹುಡುಗ ಊರಿನಿಂದ ಬಂದು ತಿಂಗಳಾಗಿಲ್ಲ. ಮರಾಠಿ ಬಾರದು, ಹಿಂದಿ ಅರ್ಧ ಬರುತ್ತದೆ, ಹೋಟೆಲಿನ ಹೆಸರು ಗೊತ್ತು, ರಸ್ತೆಯ ಹೆಸರು ಗೊತ್ತಿಲ್ಲ. ಅದರಲ್ಲೇ ಎರಡು ಮೂರು ನಿಮಿಷ ಹೋಗುತ್ತದೆ. ಆಮೇಲೆ ಯಾವ ಗಾಡಿ ಖಾಲಿ ಇದೆ ಎಂದು ಹುಡುಕಿ ಅದಕ್ಕೆ ಹೇಳುತ್ತಾರೆ. ಚಾಲಕ ಗಾಡಿ ಹತ್ತಿ ಹೊರಡುತ್ತಾನೆ. ರಸ್ತೆಗೆ ಬಂದು ನಿಲ್ಲಿಸುತ್ತಾನೆ. ಅಲ್ಲಿಂದ ಸ್ಟ್ರೆಚರು ಹಿಡಿದುಕೊಂಡು ಹಿಂಬಾಗಿಲ ಗಲ್ಲಿಯಲ್ಲಿ ನುಗ್ಗಿ ಬಿದ್ದವನ ಹತ್ತಿರ ಬರಬೇಕು.

ಈಗ ವರದಿ ಬರೆಯುವವನು ಗಾಡಿಗೆ ಹೇಳಿದ ಹೊತ್ತಿನಿಂದ ಗಡಿಯಾರ ಓಡಿಸಿ, ಗಾಡಿ ರಸ್ತೆಯಲ್ಲಿ ನಿಂತ ಕೂಡಲೇ ಅದನ್ನು ನಿಲ್ಲಿಸಿದನೆನ್ನಿ. ಮುಂಚೆ ಹೋದ ನಾಲ್ಕು ನಿಮಿಷ, ಹಿಂದೆ ಹೋದ ನಾಲ್ಕು ನಿಮಿಷ ಎರಡೂ ಕಾಗದದ ಮೇಲೆ ಬರುವುದಿಲ್ಲ. ಕಾಗದದಲ್ಲಿ 18 ನಿಮಿಷ, ಗುರಿಯೊಳಗೆ. ಬಿದ್ದವನಿಗೆ 26 ನಿಮಿಷ. ಇದರಲ್ಲಿ ಯಾರೂ ಸುಳ್ಳು ಬರೆಯಲಿಲ್ಲ ಎಂಬುದನ್ನು ಗಮನಿಸಿ. ಎಲ್ಲಿಂದ ಅಳೆದರು ಎಂದು ನಾವು ಕೇಳಲಿಲ್ಲ, ಅಷ್ಟೇ.

ಹಿಂದಿನ ನಾಲ್ಕು ನಿಮಿಷ ಏನು ಮಹಾ ಎನ್ನುವವರಿಗೆ ಒಂದು ಮಾತು. ಹೃದಯ ನಿಂತೇಹೋದವನಿಗೆ ಎದೆ ಒತ್ತುವುದಾಗಲಿ ವಿದ್ಯುತ್ತಿನ ಆಘಾತವಾಗಲಿ ಸಿಗದಿದ್ದರೆ, ಹೋಗುವ ಒಂದೊಂದು ನಿಮಿಷಕ್ಕೂ ಬದುಕುವ ಸಂಭವ ಸೇಕಡಾ ಏಳರಿಂದ ಹತ್ತರಷ್ಟು ಇಳಿಯುತ್ತದೆಂದು ವೈದ್ಯರು ಹೇಳುತ್ತಾರೆ. ಕೆನಡಾ ದೇಶದ ಟೊರೊಂಟೊ ಊರಿನ ಕಡೆಯ ಲೆಕ್ಕವೊಂದು 2016ರಲ್ಲಿ ಪ್ರಕಟವಾಯಿತು. ಮನೆಯಲ್ಲಿ ಹೃದಯ ನಿಂತು ಬಿದ್ದವರಲ್ಲಿ, ಮೂರನೆಯ ಅಂತಸ್ತಿಗಿಂತ ಕೆಳಗಿದ್ದವರು ನೂರಕ್ಕೆ ನಾಲ್ಕಕ್ಕೂ ಸ್ವಲ್ಪ ಹೆಚ್ಚು ಮಂದಿ ಬದುಕಿ ಮನೆಗೆ ಹೋದರು. ಮೂರು ಮತ್ತು ಅದಕ್ಕಿಂತ ಮೇಲಿದ್ದವರಲ್ಲಿ ನೂರಕ್ಕೆ ಮೂರು ಮಂದಿಯೂ ಇಲ್ಲ. ಅವರಿಗೆ ಲಿಫ್ಟು ಇದೆ. ನಮ್ಮ ಗಿರಣಗಾಂವದ ಹಳೆಯ ಚಾಳುಗಳಲ್ಲಿ, ನಿವೃತ್ತರಾದ ಗಿರಣಿ ಕೆಲಸಗಾರರು ಇಂದಿಗೂ ಹತ್ತಿ ಇಳಿಯುವ ಆ ಮರದ ಮೆಟ್ಟಿಲಿನಲ್ಲಿ ಸ್ಟ್ರೆಚರು ಹೇಗೆ ತಿರುಗುತ್ತದೆ ಎಂಬುದನ್ನು ನೋಡಿದವರೇ ಬಲ್ಲರು.

ಗುರಿಯ ಲೆಕ್ಕ ಎಷ್ಟರ ಮಟ್ಟಿಗೆ ಮೋಸ ಮಾಡಬಲ್ಲದು ಎಂಬುದಕ್ಕೆ ಇಂಗ್ಲೆಂಡಿನ ಕತೆ ಎಲ್ಲರೂ ತಿಳಿಯಬೇಕಾದದ್ದು. ಅಲ್ಲಿ ಪ್ರಾಣಕ್ಕೆ ಅಪಾಯವಿರುವ ಕರೆಗಳಲ್ಲಿ ನೂರಕ್ಕೆ 75ಕ್ಕೆ 8 ನಿಮಿಷದೊಳಗೆ ಮುಟ್ಟಬೇಕೆಂಬ ಗುರಿಯನ್ನು 1996ರಲ್ಲಿ ಗೊತ್ತುಮಾಡಿದರು. 2001ರ ನಂತರ ಗುರಿ ಮುಟ್ಟಿದವರಿಗೆ ನಕ್ಷತ್ರ, ಮುಟ್ಟದವರಿಗೆ ಅವಮಾನ ಎಂಬ ಪದ್ಧತಿ ಬಂತು. ಮೇಲಧಿಕಾರಿಯ ಖುರ್ಚಿ ಅಲುಗುವ ಪ್ರಸಂಗ ಬಂದಾಗ ಗಾಡಿಗಳು ಬೇಗ ಬರತೊಡಗಿದವು, ಅದು ನಿಜ. ಆದರೆ ತಪಾಸಣೆ ಮಾಡಿದವರಿಗೆ ಇನ್ನೊಂದೂ ಕಂಡಿತು. ಒಂದೊಂದು ನಿಮಿಷಕ್ಕೆ ಎಷ್ಟು ಕರೆ ಎಂದು ಸಾಲಾಗಿ ಬರೆದು ನೋಡಿದರೆ, ಕೆಲವು ಕಡೆ 8ನೆಯ ನಿಮಿಷದ ಹತ್ತಿರ ಗುಡ್ಡದಂತೆ ರಾಶಿ, 8 ದಾಟಿದ ಕೂಡಲೇ ಕಡಿದ ಬಂಡೆಯಂತೆ ಪಾತಾಳ. ರಸ್ತೆಯ ಮೇಲೆ ಓಡುವ ಗಾಡಿ ಹಾಗೆ ಬರುವುದುಂಟೇ? ಏಳಕ್ಕೆ ಬರುವವು, ಎಂಟಕ್ಕೆ ಬರುವವು, ಒಂಬತ್ತಕ್ಕೆ ಬರುವವು ಸ್ವಲ್ಪ ಸ್ವಲ್ಪವೇ ಕಮ್ಮಿಯಾಗುತ್ತಾ ಹೋಗಬೇಕಲ್ಲವೇ? ಎಂಟು ದಾಟಿದ್ದನ್ನು ಎಂಟರೊಳಗೆ ತಿದ್ದಿ ಬರೆದಿದ್ದರು. ಗಡಿಯಾರ ಓಡತೊಡಗುವ ಹೊತ್ತು ಕೂಡ ಕಚೇರಿಗೊಂದು ತರ ಇತ್ತು. 2008ರ ಏಪ್ರಿಲಿನಿಂದ, ಫೋನು ಸೇರಿದ ಕ್ಷಣದಿಂದಲೇ ಎಣಿಸಬೇಕೆಂದು ಅಲ್ಲಿನ ಸರಕಾರ ಕಟ್ಟಳೆ ಮಾಡಿತು.

ತಿದ್ದದೆ ನ್ಯಾಯವಾಗಿ ನಡೆದವರಲ್ಲೂ ಒಂದು ವಕ್ರತೆ ಉಳಿಯಿತು. ಗಡಿಯಾರ ನಿಲ್ಲಿಸಲೆಂದೇ ಮೊದಲು ಒಂದು ಕಾರನ್ನು ಓಡಿಸುವುದು. ರೋಗಿಯನ್ನು ಹೊತ್ತೊಯ್ಯಬಲ್ಲ ಗಾಡಿ ಆಮೇಲೆ ಯಾವಾಗಲೋ ಬರುವುದು. ಎಂಟು ನಿಮಿಷ ಒಮ್ಮೆ ತಪ್ಪಿತೋ, ಆಮೇಲೆ ಒಂಬತ್ತಾದರೇನು, ತೊಂಬತ್ತಾದರೇನು? ವರದಿಗೆ ಎರಡೂ ಒಂದೇ "ತಪ್ಪಿದ್ದು". ಸೇಕಡಾ ಲೆಕ್ಕದ ಹೊಟ್ಟೆಯೊಳಗಿನ ಹುಳುಕು ಇದೇ. ಗುರಿ ದಾಟಿದವನು ಎಷ್ಟು ದಾಟಿದ ಎಂದು ಅದು ಹೇಳುವುದಿಲ್ಲ.

2017ರಲ್ಲಿ ಅವರು ಪದ್ಧತಿಯನ್ನೇ ಬದಲಿಸಿದರು. ಈಗ ಅತಿ ತುರ್ತಿನ ಕರೆಗೆ ಸರಾಸರಿ 7 ನಿಮಿಷ, ಮತ್ತು ಹತ್ತರಲ್ಲಿ ಒಂಬತ್ತು ಕರೆಗೆ 15 ನಿಮಿಷದೊಳಗೆ ಎಂಬ ಎರಡು ಅಳತೆ. ಎರಡನೆಯ ಅಳತೆ ಬಾಲದಲ್ಲಿ ಉಳಿದವರನ್ನು ಕಾಣಿಸುತ್ತದೆ. ಎದೆನೋವು, ಪಾರ್ಶ್ವವಾಯು ಮುಂತಾದವುಗಳಿಗೆ ಸರಾಸರಿ 18 ನಿಮಿಷದ ಗುರಿ ಇಟ್ಟರು. 2022ರ ಡಿಸೆಂಬರಿನಲ್ಲಿ ಆ ಸರಾಸರಿ ಒಂದೂವರೆ ಗಂಟೆ ದಾಟಿತು. ಆಸ್ಪತ್ರೆಯಲ್ಲಿ ಹಾಸಿಗೆ ಖಾಲಿಯಿಲ್ಲದೆ ಗಾಡಿಗಳು ರೋಗಿಯನ್ನು ಇಳಿಸಲಾರದೆ ಬಾಗಿಲಲ್ಲೇ ಸಾಲುಗಟ್ಟಿ ನಿಂತಿದ್ದು ಅದರ ಒಂದು ಮುಖ್ಯ ಕಾರಣ. ಅವರ ದೇಶ ಸೋತಿತು ಎಂದು ಹಿಗ್ಗಲು ನಾವು ಇದನ್ನು ಹೇಳುತ್ತಿಲ್ಲ. ಆ ಸೋಲಿನ ಅಂಕಿಯನ್ನು ಅವರೇ ಅಚ್ಚು ಹಾಕಿ ಪ್ರತಿ ತಿಂಗಳೂ ಜನರ ಮುಂದಿಟ್ಟರು. ಅಂಕಿ ಇದ್ದದ್ದರಿಂದ ಜಗಳವಾಯಿತು. ನಮಗೆ ಜಗಳಕ್ಕೆ ಬೇಕಾದ ಕಾಗದವೇ ಕೈಯಲ್ಲಿಲ್ಲ.

ಈಗ ಮೂರನೆಯ ಪ್ರಶ್ನೆ, ಲೆಕ್ಕದಿಂದ ಬಿಟ್ಟವರು ಯಾರು ಎಂಬುದು. ಒಂದು ಉದಾಹರಣೆಯನ್ನು ನಾವೇ ಕಟ್ಟಿಕೊಂಡು ನೋಡೋಣ. ಇದು ಯಾವ ವಾರ್ಡಿನದೂ ಅಲ್ಲ, ಲೆಕ್ಕ ತಿಳಿಯಲಿಕ್ಕೆ ಮಾತ್ರ.

ಒಂದು ವಾರ್ಡಿನಿಂದ ತಿಂಗಳಿಗೆ 200 ಕರೆ ಬಂದವೆನ್ನಿ. 10 ನಿಮಿಷದೊಳಗೆ ಗಾಡಿ ಬಂದದ್ದು 50ಕ್ಕೆ. 10ರಿಂದ 20ರೊಳಗೆ 90ಕ್ಕೆ. 20ರಿಂದ 30ರೊಳಗೆ 20ಕ್ಕೆ. 30ರಿಂದ 45ರೊಳಗೆ 10ಕ್ಕೆ. 45 ದಾಟಿ ಬಂದದ್ದು 10ಕ್ಕೆ. ಇನ್ನುಳಿದ 20 ಕರೆ "ರದ್ದು". ರದ್ದು ಎಂದರೇನು? ಕಾದು ಕಾದು ಸಾಕಾಗಿ ಮನೆಯವರು ಟ್ಯಾಕ್ಸಿ ಹಿಡಿದು ಕೆ.ಇ.ಎಮ್.ಗೋ ಸಾಯನ್ ಆಸ್ಪತ್ರೆಗೋ ಹೋದರು, "ಇನ್ನು ಬೇಡ" ಎಂದು ಫೋನಿನಲ್ಲಿ ಹೇಳಿದರು.

ವರದಿ ಬರೆಯುವವನು ಗಾಡಿ ಮುಟ್ಟಿದ 180 ಕರೆಯನ್ನು ಮಾತ್ರ ಹಿಡಿಯುತ್ತಾನೆ. ಅದರಲ್ಲಿ 20 ನಿಮಿಷದೊಳಗೆ 140. ಸೇಕಡಾ 78. ಪೇಪರಿನಲ್ಲಿ ಇದೇ ಬರುತ್ತದೆ, ನಮ್ಮ ಮಹನೀಯರು ಓದುವುದೂ ಇದನ್ನೇ. ರದ್ದಾದ 20 ಕರೆಯನ್ನೂ ಸೇರಿಸಿ 200ಕ್ಕೆ ಲೆಕ್ಕ ಹಿಡಿದರೆ ಸೇಕಡಾ 70. ಎಲ್ಲರಿಗಿಂತ ಹೆಚ್ಚು ಕಾದವರೇ ಲೆಕ್ಕದ ಹೊರಗೆ ಬೀಳುತ್ತಾರೆ. ಗಾಡಿ ತಡವಾದಷ್ಟೂ ಕರೆ ರದ್ದಾಗುತ್ತದೆ, ಕರೆ ರದ್ದಾದಷ್ಟೂ ವರದಿ ಚಂದವಾಗುತ್ತದೆ! ರದ್ದಾದವೆಲ್ಲ ಹೀಗೆಯೇ ಎಂದು ನಾವು ಹಟ ಹಿಡಿಯುವುದಿಲ್ಲ. ಚೇಷ್ಟೆಗೆ ಫೋನು ಮಾಡುವವರಿದ್ದಾರೆ, ಒಂದೇ ಅಪಘಾತಕ್ಕೆ ಹತ್ತು ಜನ ಫೋನು ಮಾಡುವುದೂ ಉಂಟು. ಅದಕ್ಕೇ ರದ್ದಾದ ಕರೆಗೆ ಕಾರಣ ಏನು, ಎಷ್ಟು ನಿಮಿಷ ಕಾದ ಮೇಲೆ ರದ್ದಾಯಿತು ಎಂಬುದು ಬೇರೆಯಾಗಿ ಬರಬೇಕು.

ಇಷ್ಟಕ್ಕೇ ನಿಲ್ಲಿಸಬೇಡಿ. ಅದೇ 200 ಕರೆಯನ್ನು ಜಾಗದ ಪ್ರಕಾರ ಎರಡು ಪಾಲು ಮಾಡಿ. ದೊಡ್ಡ ರಸ್ತೆಯ ಬದಿಯ ಕಟ್ಟಡಗಳಿಂದ 120 ಕರೆ: 20 ನಿಮಿಷದೊಳಗೆ 105, ತಡವಾದದ್ದು 12, ರದ್ದು 3. ಗಲ್ಲಿಗಳ ಒಳಗಿನಿಂದ 80 ಕರೆ: 20 ನಿಮಿಷದೊಳಗೆ 35, ತಡವಾದದ್ದು 28, ರದ್ದು 17. ದೊಡ್ಡ ರಸ್ತೆಯವರಿಗೆ ನೂರಕ್ಕೆ 87 ಹೊತ್ತಿಗೆ ಬಂತು, ಗಲ್ಲಿಯವರಿಗೆ ನೂರಕ್ಕೆ 44. ಅರ್ಧವೂ ಇಲ್ಲ! ವಾರ್ಡಿನ ಸೇಕಡಾ 78ರ ಕೆಳಗೆ ಈ 44 ಮಲಗಿತ್ತು. ತಪ್ಪು ಕೂಡಿಕೆ ಎಲ್ಲಿಯೂ ಇಲ್ಲ, ಬೇಕಾದರೆ ಪೆನ್ಸಿಲ್ ಹಿಡಿದು ನೋಡಿಕೊಳ್ಳಿ.

ಆದುದರಿಂದ ವರದಿಯಲ್ಲಿ ನಮಗೆ ಮುಖ್ಯವಾಗಿ ಬೇಕಾದದ್ದು ಕೊನೆಯ ಪುಟ. ಎಲ್ಲಕ್ಕಿಂತ ನಿಧಾನವಾದ ಜಾಗಗಳು ಯಾವುವು, ಅಲ್ಲಿ ಹೊತ್ತು ಹೋಗುವುದು ಯಾವ ಹಂತದಲ್ಲಿ? ಫೋನು ಎತ್ತುವುದರಲ್ಲಿ ಹೋಗುತ್ತಿದ್ದರೆ ಫೋನಿಗೆ ಜನ ಸಾಲದು. ಗಾಡಿ ಗೊತ್ತುಮಾಡುವುದರಲ್ಲಿ ಹೋಗುತ್ತಿದ್ದರೆ ಖಾಲಿ ಗಾಡಿ ಸಾಲದು. ರಸ್ತೆಯಲ್ಲಿ ಹೋಗುತ್ತಿದ್ದರೆ ಗಾಡಿ ನಿಲ್ಲಿಸುವ ಠಾವು ದೂರ. ರಸ್ತೆಯಿಂದ ರೋಗಿಯವರೆಗೆ ಹೋಗುತ್ತಿದ್ದರೆ ಗಲ್ಲಿಗೆ ಬೈಕು ಬೇಕು, ಬಾಗಿಲಿಗೆ ನಂಬರು ಬೇಕು, ಮೆಟ್ಟಿಲಿಗೆ ಮಡಚುವ ಕುರ್ಚಿ ಬೇಕು. ಮುಂಬಯಿಯಲ್ಲಿ 108ರ ಬೈಕು 2017ರಲ್ಲಿ ಬಂದಾಗ ನಮಗೂ ಸಂತೋಷವೇ ಆಯಿತು. ಆದರೆ ಬೈಕು ಬಂದ ಹೊತ್ತನ್ನೂ ರೋಗಿಯನ್ನು ಒಯ್ಯುವ ಗಾಡಿ ಬಂದ ಹೊತ್ತನ್ನೂ ಒಂದೇ ಕಲಮಿನಲ್ಲಿ ಬರೆದರೆ ಇಂಗ್ಲೆಂಡಿನ ಕಾರಿನ ಕತೆಯೇ ಮತ್ತೆ. ಎಲ್ಲಕ್ಕೂ "ಟ್ರಾಫಿಕ್ಕು, ಏನು ಮಾಡುವುದು" ಎಂಬ ಒಂದೇ ಉತ್ತರ ಕೊಡುವವರ ಬಾಯಿ ಮುಚ್ಚಿಸುವುದು ಈ ಹಂತದ ಲೆಕ್ಕ ಒಂದೇ.

ನಿಧಾನವಾದ ಜಾಗದ ಪಟ್ಟಿಯನ್ನೂ ಕಣ್ಣು ಮುಚ್ಚಿ ನಂಬುವಂತಿಲ್ಲ. ತಿಂಗಳಿಗೆ ಐದು ಕರೆ ಬರುವ ಒಂದು ಗಲ್ಲಿಯಲ್ಲಿ ಎರಡು ತಡವಾದರೆ ಆ ತಿಂಗಳು ಅದು ಪಟ್ಟಿಯ ತಲೆಯ ಮೇಲೆ ಕೂರುತ್ತದೆ, ಮುಂದಿನ ತಿಂಗಳು ಕಾಣೆಯಾಗುತ್ತದೆ. ಆರು ತಿಂಗಳು, ವರ್ಷ ಕೂಡಿಸಿ ನೋಡಿದರೆ ನಿಜವಾದ ನಿಧಾನ ಯಾವುದು, ಒಂದು ದಿನದ ದುರ್ದೆಸೆ ಯಾವುದು ಎಂದು ತಿಳಿಯುತ್ತದೆ. ಅದಕ್ಕಿಂತ ದೊಡ್ಡ ಕಷ್ಟ ಇನ್ನೊಂದು. ಫೋನೇ ಮಾಡದ ಜಾಗ ಯಾವ ಪಟ್ಟಿಯಲ್ಲೂ ಬರುವುದಿಲ್ಲ. ನಮ್ಮ ಜನ ಎಷ್ಟು ಮಂದಿ 108ಕ್ಕೆ ಫೋನು ಮಾಡುತ್ತಾರೆ? ಗಲ್ಲಾದಿಂದ ದುಡ್ಡು ಇಸಕೊಂಡು ಟ್ಯಾಕ್ಸಿಗೆ ಎತ್ತಿ ಹಾಕಿಕೊಂಡು ಹೋಗುವುದೇ ರೂಢಿ. ಟ್ಯಾಕ್ಸಿಯಲ್ಲಿ ಹೋದವನ ಲೆಕ್ಕ ಸರಕಾರಕ್ಕಿಲ್ಲ. ಆ ಜಾಗದಿಂದ ಕರೆಯೇ ಇಲ್ಲ ಎಂದರೆ ಅಲ್ಲಿಗೆ ಗಾಡಿಯೂ ಬೇಡ ಎಂದು ತೀರ್ಮಾನವಾಗುತ್ತದೆ.

ಇನ್ನು ಸಂಘದ ಗಾಡಿಯ ಮಾತು. ಒಂದು ಗಾಡಿ ಹಗಲೂ ರಾತ್ರಿ ಇರಬೇಕಾದರೆ ವಾರಕ್ಕೆ 168 ಗಂಟೆ. ವಾರಕ್ಕೆ 48 ಗಂಟೆಯ ದುಡಿಮೆ ನಾವೇ ಹೊಡೆದಾಡಿ ಕೇಳುವ ಹಕ್ಕು. ಅಂಬ್ಯುಲೆನ್ಸಿನ ಚಾಲಕನಿಗೆ ಅದು ಬೇಡವೆಂದು ನಾವು ಹೇಳಲಾರೆವು. 168ನ್ನು 48ರಿಂದ ಭಾಗಿಸಿದರೆ ಒಂದು ಸೀಟಿಗೆ ಮೂರೂವರೆ ಆಳು. ಚಾಲಕ ಒಬ್ಬ, ರೋಗಿಯನ್ನು ನೋಡಿಕೊಳ್ಳುವ ತರಬೇತಿ ಪಡೆದವನೊಬ್ಬ, ಎರಡು ಸೀಟಿಗೆ ಏಳು ಆಳು. ರಜೆ, ಕಾಯಿಲೆ ಸೇರಿಸಿದರೆ ಎಂಟು. ಪ್ರತಿ ತಿಂಗಳೂ ಎಂಟು ಸಂಬಳ, ಮೇಲೆ ಡೀಸೆಲ್ಲು, ವಿಮೆ, ಆಮ್ಲಜನಕ, ರಿಪೇರಿ. ಗಾಡಿ ದಾನ ಕೊಡುವ ಮಹನೀಯರು ಈ ಎಂಟು ಸಂಬಳದ ಮಾತು ಎತ್ತಲಿಲ್ಲ.

ಎತ್ತಿದರೆನ್ನಿ. ಒಂದು ಕರೆಗೆ ಹೋಗಿ, ಹೊತ್ತು, ಆಸ್ಪತ್ರೆಯಲ್ಲಿ ಇಳಿಸಿ, ಗಾಡಿ ತೊಳೆದು ಮತ್ತೆ ಠಾವಿಗೆ ಬರಲು ಒಂದೂವರೆ ಗಂಟೆ ಹಿಡಿಯಿರಿ. ದಿನಕ್ಕೆ ಎಂಟು ಕರೆ ಬಂದರೆ ಹನ್ನೆರಡು ಗಂಟೆ ಗಾಡಿ ಹೊರಗೆ. ದಿನದ ಅರ್ಧ ಹೊತ್ತು ಗಾಡಿ ಹೊರಗಿದ್ದರೆ, ಕರೆಯುವವರಲ್ಲಿ ಹೆಚ್ಚುಕಡಿಮೆ ಅರ್ಧ ಜನಕ್ಕೆ "ಗಾಡಿ ಇಲ್ಲ" ಎಂಬ ಉತ್ತರ. ಇದು ಒಂದೇ ಒಲೆಯ ಅಡಿಗೆಮನೆ. ದೋಸೆಯ ಕಾವಲಿ ಒಂದೇ ಇದ್ದರೆ ಬೆಳಗ್ಗೆ ಎಂಟು ಗಂಟೆಗೆ ಏನಾಗುತ್ತದೆ ಎಂದು ನಿಮಗೆ ನಾವು ಹೇಳಬೇಕೇ? ನೂರಾರು ಗಾಡಿಯ ಒಂದು ಜಾಲದಲ್ಲಿ ಒಂದು ಹೊರಗಿದ್ದರೆ ಪಕ್ಕದ್ದು ಬರುತ್ತದೆ. ಸಂಘದ ಒಂಟಿ ಗಾಡಿಗೆ ಪಕ್ಕದ್ದಿಲ್ಲ. ಅದು ಮದುವೆಯ ಛತ್ರದ ಮುಂದೆ, ಗಣೇಶೋತ್ಸವದ ಪೆಂಡಾಲಿನ ಮುಂದೆ ನಿಲ್ಲುತ್ತದೆ. ಫೋಟೋಕ್ಕೆ ಚಂದ.

ಆದ್ದರಿಂದ ಮುಂದಿನ ಕಾರ್ಯಕಾರಿ ಸಭೆಯಲ್ಲಿ ನಾವು ಬೇರೆ ಸೂಚನೆ ತರುತ್ತೇವೆ. ಗಾಡಿಯ ನಿಧಿ ಸದ್ಯಕ್ಕೆ ನಿಲ್ಲಲಿ. 2005ರ ಮಾಹಿತಿ ಹಕ್ಕಿನ ಕಾಯಿದೆಯ ಕೆಳಗೆ ಹತ್ತು ರೂಪಾಯಿಯ ಅರ್ಜಿ ಹಾಕೋಣ. ಗಾಡಿ ಓಡಿಸುವವರು ಗುತ್ತಿಗೆಯ ಕಂಪನಿಯವರು ಎಂದು ಆರೋಗ್ಯ ಇಲಾಖೆ ಕೈ ತೊಳೆಯುವಂತಿಲ್ಲ. ಕಾನೂನಿನ ಪ್ರಕಾರ ಖಾಸಗಿಯವರಿಂದ ಇಲಾಖೆ ತರಿಸಿಕೊಳ್ಳಬಹುದಾದ ಲೆಕ್ಕವೂ ಮಾಹಿತಿಯೇ. ಮೂವತ್ತು ದಿವಸದೊಳಗೆ ಉತ್ತರ ಬರಬೇಕು. "ಯಾಕೆ ತಡ?" ಎಂದು ಅರ್ಜಿಯಲ್ಲಿ ಬರೆಯಬೇಡಿ, ಯಾಕೆ ಎಂಬುದು ಮಾಹಿತಿಯಲ್ಲ ಎಂದು ವಾಪಸು ಬರುತ್ತದೆ. ಹೊಸದಾಗಿ ಪಟ್ಟಿ ಮಾಡಿ ಕೊಡಿ ಎಂದೂ ಬೇಡ. ನಮ್ಮ ವಾರ್ಡಿನ ಕಳೆದ ಒಂದು ವರ್ಷದ ಕರೆಗಳ ದಾಖಲೆ ಇದ್ದ ಹಾಗೆಯೇ ಬೇಕು: ರೋಗಿಯ ಹೆಸರು ಬೇಡ, ಕರೆ ಬಂದ ಹೊತ್ತು, ಗಾಡಿಗೆ ಹೇಳಿದ ಹೊತ್ತು, ಹೊರಟ ಹೊತ್ತು, ಮುಟ್ಟಿದ ಹೊತ್ತು, ಆಸ್ಪತ್ರೆ ಸೇರಿದ ಹೊತ್ತು, ಜಾಗ, ರದ್ದಾಗಿದ್ದರೆ ಕಾರಣ. ಇಷ್ಟು ಕೈಗೆ ಬಂದರೆ ನಿಮಿಷದ ಪಾಲು ಮಾಡಿ ಕೂಡಿಸುವ ಕೆಲಸವನ್ನು ನಾವೇ ಕುಳಿತು ಮಾಡೋಣ.

ಅದು ಬರುವವರೆಗೆ ಸುಮ್ಮನೆ ಕೂರಬೇಕಾಗಿಲ್ಲ. ಪ್ರತಿ ಹೋಟೆಲಿನ ಗಲ್ಲಾದ ಹತ್ತಿರ ಒಂದು ನೋಟುಬುಕ್ಕು ಇಡೋಣ. 108ಕ್ಕೆ ಕರೆದಾಗ ಮೂರು ಹೊತ್ತು ಬರೆಯಬೇಕು: ಫೋನು ಮಾಡಿದ್ದು, ಗಾಡಿ ರಸ್ತೆಗೆ ಬಂದದ್ದು, ಸ್ಟ್ರೆಚರು ಮನುಷ್ಯನ ಹತ್ತಿರ ಬಂದದ್ದು. ಮೊದಲನೆಯದು ಬರೆಯಲು ಮರೆತರೂ ಮೊಬೈಲಿನಲ್ಲಿ ಉಳಿದಿರುತ್ತದೆ, ಅದನ್ನು ಅಳಿಸಬೇಡಿ. ಟ್ಯಾಕ್ಸಿಯಲ್ಲಿ ಹೋದರೂ ಬರೆಯಿರಿ, ಕರೆದು ಕಾದು ಹೋದಿರೋ, ಕರೆಯದೇ ಹೋದಿರೋ ಎಂದು. ಅದೇ ಪುಸ್ತಕದ ಮೊದಲ ಪುಟದಲ್ಲಿ ಹೋಟೆಲಿನ ವಿಳಾಸ, ಹತ್ತಿರದ ದೊಡ್ಡ ರಸ್ತೆ, ಗುರುತಿನ ಕಟ್ಟಡ, ಗಾಡಿ ಯಾವ ಬದಿಯಿಂದ ಒಳಗೆ ಬರಬಹುದು ಎಂಬುದನ್ನು ಹಿಂದಿಯಲ್ಲೂ ಮರಾಠಿಯಲ್ಲೂ ಹೇಳುವ ಹಾಗೆ ಕನ್ನಡ ಅಕ್ಷರದಲ್ಲಿ ಬರೆದಿಡಿ. ಊರಿನಿಂದ ನಿನ್ನೆ ಬಂದ ಹುಡುಗನೂ ಅದನ್ನು ನೋಡಿ ಓದಿ ಹೇಳಬಹುದು.

ಮಾಲಿಕ ಮಹನೀಯರು ಖರ್ಚು ಮಾಡಲೇಬೇಕೆಂದು ಇದ್ದರೆ ಈ ನೋಟುಬುಕ್ಕುಗಳನ್ನು ಕೊಡಿಸಲಿ, ಪ್ರತಿ ಹೋಟೆಲಿನಿಂದ ಇಬ್ಬರನ್ನು ಎದೆ ಒತ್ತುವ ತರಬೇತಿಗೆ ಒಂದು ದಿನ ಪಗಾರು ಕತ್ತರಿಸದೆ ಬಿಡಲಿ. ನೋಟುಬುಕ್ಕುಗಳನ್ನು ತಿಂಗಳ ಕೊನೆಯ ಸೋಮವಾರ ಸಂಘದ ಕಚೇರಿಗೆ ತನ್ನಿ; ರಾತ್ರಿ ಹನ್ನೊಂದರ ತನಕ ಬಾಗಿಲು ತೆರೆದಿರುತ್ತದೆ.